ಹಠಾತ್ತಾಗಿ ತೀರಿಕೊಂಡ ಸಹೋದ್ಯೋಗಿಯ ಸಂತಾಪ ಸಭೆ: ಮೂರು ನಿಮಿಷದ ಮಾತಿಗೆ ಸಮಗ್ರ ಮಾರ್ಗದರ್ಶಿ

ಸಂತಾಪ ಸಭೆಯ ಮಾತು ಸಾಮಾನ್ಯವಾಗಿ ಎರಡು ಕಡೆ ಕೆಡುತ್ತದೆ. ಒಂದೋ ಹೇಳಿದ್ದೆಲ್ಲ ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತಾಗಿರುತ್ತದೆ, ಇಲ್ಲವೇ ಹೇಳಬಾರದ ಒಂದು ವಿಷಯ ಮನೆಯವರ ಮುಂದೆ ಬಾಯಿಂದ ಜಾರುತ್ತದೆ. ಎರಡಕ್ಕೂ ಕಾರಣ ಒಂದೇ. ಮಾತಾಡಬೇಕು ಎಂದು ಗೊತ್ತಾದ ತಕ್ಷಣ ನಾವು ಮೊದಲ ವಾಕ್ಯ ಹುಡುಕಲು ಕೂರುತ್ತೇವೆ. ಕೈಯಲ್ಲಿ ವಿಷಯ ಇಲ್ಲದಾಗ ಸಿಗುವುದು ಹಿಂದೆ ಎಲ್ಲೋ ಕೇಳಿದ ವಾಕ್ಯವೇ.

ಆದ್ದರಿಂದ ಇಲ್ಲಿ ಕ್ರಮ ಬೇರೆ. ಮೊದಲು ಸಂಗತಿಗಳನ್ನು ಖಚಿತಪಡಿಸಿಕೊಳ್ಳುವುದು, ಆಮೇಲೆ ಆ ವ್ಯಕ್ತಿಯ ಕೆಲಸದ ಒಂದು ವಿವರ ಹುಡುಕುವುದು, ಅದಾದ ಮೇಲೆಯೇ ಬರೆಯುವುದು. ಈ ಮಾರ್ಗದರ್ಶಿ ಜೊತೆಯಲ್ಲಿ ಕೆಲಸ ಮಾಡಿದವರಿಗೆ. ಸಂಸ್ಥೆಯ ಪರವಾಗಿ ಮಾತಾಡುವ ಮುಖ್ಯಸ್ಥರ ಹೊಣೆ ಸ್ವಲ್ಪ ಬೇರೆ, ಅದನ್ನು ಇಲ್ಲಿ ತೆಗೆದುಕೊಂಡಿಲ್ಲ.

## ಬೇಕಾಗುವುದು

ಕಾಗದ, ಪೆನ್ನು, ಫೋನಿನ ಸ್ಟಾಪ್‌ವಾಚ್, ದೊಡ್ಡ ಅಕ್ಷರದಲ್ಲಿ ಮುದ್ರಿಸುವ ಅನುಕೂಲ. ಇವುಗಳ ಜೊತೆ ಇಬ್ಬರು ಬೇಕು. ಮನೆಯವರ ಜೊತೆ ಈಗಾಗಲೇ ಸಂಪರ್ಕದಲ್ಲಿರುವವರು ಒಬ್ಬರು. ನಿಮಗೆ ಓದಲಾಗದಿದ್ದರೆ ಎದ್ದು ಬಂದು ಓದಬಲ್ಲವರು ಇನ್ನೊಬ್ಬರು. ಎರಡು ಗಂಟೆ ಸಮಯ ಸಿಕ್ಕರೆ ಸಾಕು. ಅದರಲ್ಲಿ ಅರ್ಧದಷ್ಟು ಬರೆಯುವುದಕ್ಕಲ್ಲ, ಕೇಳಿ ತಿಳಿಯುವುದಕ್ಕೆ.

## ಹಂತ 1: ಹೇಳಬಹುದಾದ್ದು ಏನು, ಹೇಳಬಾರದ್ದು ಏನು

ಹಠಾತ್ ಸಾವಿನಲ್ಲಿ ಮೊದಲ ಎರಡು ದಿನ ಸುದ್ದಿಗಿಂತ ಊಹೆಯೇ ಹೆಚ್ಚು ಓಡಾಡುತ್ತದೆ. ಹಾಗಾಗಿ ಬರೆಯುವ ಮೊದಲು ಸಂಪರ್ಕದಲ್ಲಿರುವವರ ಮೂಲಕ ಮನೆಯವರಿಂದ ಒಂದು ವಿಷಯ ತಿಳಿದುಕೊಳ್ಳಿ: ಸಾವಿನ ಕಾರಣವನ್ನು ಸಭೆಯಲ್ಲಿ ಹೇಳುವುದು ಅವರಿಗೆ ಒಪ್ಪಿಗೆಯೇ? ಉತ್ತರ ಬರಲಿಲ್ಲ ಅಂದರೆ ಒಪ್ಪಿಗೆ ಇಲ್ಲ ಎಂದೇ ಲೆಕ್ಕ. “ಸೋಮವಾರ ರಾತ್ರಿ ತೀರಿಕೊಂಡರು” ಎಂದರೆ ಸಾಕಾಗುತ್ತದೆ. ಕಾರಣ ಎಲ್ಲರಿಗೂ ಗೊತ್ತಿದ್ದರೂ ಮೈಕಿನಲ್ಲಿ ಅದನ್ನು ಹೇಳುವ ಅಗತ್ಯ ಹೆಚ್ಚಾಗಿ ಇರುವುದಿಲ್ಲ.

ಆತ್ಮಹತ್ಯೆ ಇರಬಹುದು ಎಂಬ ಅನುಮಾನ ಇದ್ದರೆ ಇನ್ನಷ್ಟು ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಕೊಟ್ಟಿರುವ ಮಾರ್ಗಸೂಚಿ ಇಂಥ ಸಾವಿನ ವಿಧಾನವನ್ನು ವಿವರಿಸಬೇಡಿ, ಒಂದೇ ಕಾರಣಕ್ಕೆ ಗಂಟುಹಾಕಬೇಡಿ ಎನ್ನುತ್ತದೆ. ಸಭೆಯಲ್ಲಿ ಮಾತಾಡುವವರಿಗೂ ಅದು ಅಷ್ಟೇ ಅನ್ವಯಿಸುತ್ತದೆ. “ಕೊನೆಗೂ ಅವರಿಗೆ ನೆಮ್ಮದಿ ಸಿಕ್ಕಿತು” ಎಂಬ ಸಾಂತ್ವನದ ಮಾತನ್ನು ಇಲ್ಲಿ ಖಂಡಿತ ಬಿಡಬೇಕು. ಎದುರು ಕೂತವರಲ್ಲಿ ಅದೇ ಯೋಚನೆಯಲ್ಲಿರುವ ಒಬ್ಬರಿದ್ದರೆ ಅವರಿಗೆ ಅದು ದಾರಿ ತೋರಿಸಿದಂತೆ ಕೇಳಿಸಬಹುದು.

ಇದರ ಜೊತೆ ನಾಲ್ಕು ಸಣ್ಣ ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ. ಹೆಸರು ಪೂರ್ತಿಯಾಗಿ ಹೇಗೆ, ಸಹೋದ್ಯೋಗಿಗಳು ಕರೆಯುತ್ತಿದ್ದುದು ಹೇಗೆ, ಎಷ್ಟು ವರ್ಷ ಕೆಲಸ ಮಾಡಿದರು, ಸಭೆಗೆ ಮನೆಯವರು ಯಾರು ಬರುತ್ತಾರೆ. ಕೆಲಸದ ವರ್ಷಗಳನ್ನು ನೆನಪಿನಿಂದ ಹೇಳಬೇಡಿ, ದಾಖಲೆ ನೋಡುವವರನ್ನು ಕೇಳಿ. 11 ವರ್ಷವನ್ನು 9 ಎಂದರೆ ಸಭೆಯಲ್ಲಿ ಯಾರೂ ತಿದ್ದುವುದಿಲ್ಲ, ಆದರೆ ಮನೆಯವರಿಗೆ ಅದು ಅಲ್ಲೇ ಚುಚ್ಚುತ್ತದೆ.

ಎಷ್ಟು ಜನ ಮಾತಾಡುತ್ತಾರೆ, ನಿಮ್ಮ ಸರದಿ ಎಷ್ಟನೆಯದು ಎಂದೂ ಕೇಳಿ. ಐದು ಜನ ಮಾತಾಡುವುದಾದರೆ ನಿಮ್ಮ ಪಾಲಿಗೆ ಎರಡೂವರೆ ನಿಮಿಷ ಸಾಕು. ಪರಿಚಯ, ಹುದ್ದೆ, ಸೇವೆಯ ವಿವರಗಳನ್ನು ಮೊದಲನೆಯವರು ಹೇಳುತ್ತಾರೆ ಎಂದಾದರೆ ನೀವು ಅವನ್ನು ಪೂರ್ತಿ ಬಿಡಬಹುದು.

## ಹಂತ 2: ಒಂದು ವಿವರ ಹುಡುಕುವುದು

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ. ಜೊತೆಗಿದ್ದ ಮೂವರನ್ನು ಮಾತಾಡಿಸಿ. “ಅವರು ಹೇಗಿದ್ದರು?” ಎಂದು ಕೇಳಬೇಡಿ. ಆ ಪ್ರಶ್ನೆಗೆ ಬರುವ ಉತ್ತರ “ತುಂಬ ಒಳ್ಳೆಯವರು” ಎಂಬುದೊಂದೇ. ಹೀಗೆ ಕೇಳಿ:

- ಯಾವ ಸಮಸ್ಯೆ ಬಂದಾಗ ನೀವು ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದಿರಿ?
- ಯಾರೂ ಹೇಳದಿದ್ದರೂ ಅವರು ಮಾಡುತ್ತಿದ್ದ ಕೆಲಸ ಯಾವುದು?
- ಅವರ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಮಾತು ಯಾವುದು?

ಎರಡನೇ ಪ್ರಶ್ನೆಗೆ ಸಿಗುವ ಉತ್ತರವೇ ಹೆಚ್ಚಾಗಿ ಉಪಯೋಗಕ್ಕೆ ಬರುತ್ತದೆ. ಹುದ್ದೆಯ ಕರ್ತವ್ಯ ಎಲ್ಲರಿಗೂ ಒಂದೇ. ಅದರಾಚೆ ಒಬ್ಬರು ತಾವಾಗಿಯೇ ಮಾಡುತ್ತಿದ್ದ ಸಣ್ಣ ಕೆಲಸದಲ್ಲಿ ಅವರ ಗುಣ ಕಾಣುತ್ತದೆ, ಅದನ್ನು ಹೊಗಳಿ ಹೇಳಬೇಕಾಗುವುದಿಲ್ಲ.

ಸಿಕ್ಕಿದ್ದನ್ನು ಎರಡು ಪ್ರಶ್ನೆಗಳಿಂದ ಪರೀಕ್ಷಿಸಿ. ಹೆಸರಿನ ಜಾಗದಲ್ಲಿ ಇನ್ನೊಬ್ಬ ಸಹೋದ್ಯೋಗಿಯ ಹೆಸರು ಹಾಕಿದರೂ ವಾಕ್ಯ ನಿಲ್ಲುತ್ತದೆಯೇ? ನಿಂತರೆ ಅದನ್ನು ಬಿಡಿ. ಎರಡನೆಯದು, ಈ ಸಂಗತಿಯನ್ನು ಅವರ ಮಗಳೋ ತಾಯಿಯೋ ಎದುರು ಕೂತು ಕೇಳಿದರೆ ಮುಜುಗರವಾಗುತ್ತದೆಯೇ? ಸಿಟ್ಟು, ಸಾಲ, ಕುಡಿತ, ಮೇಲಧಿಕಾರಿಯೊಂದಿಗಿನ ಜಗಳ, ಪ್ರೇಮದ ತಮಾಷೆ ಇವೆಲ್ಲ ಗೆಳೆಯರ ನಡುವೆ ಎಷ್ಟೇ ನಗು ತರಿಸಿದರೂ ಈ ಸಭೆಯದಲ್ಲ. ನಗು ಬರುವ ಸಂಗತಿ ಇರಬಾರದೆಂದೇನಲ್ಲ. ಆ ನಗು ತೀರಿಕೊಂಡವರ ಮೇಲಿನದಾಗದೆ ಅವರ ಜೊತೆಗಿನದಾಗಿರಬೇಕು.

ಒಂದೇ ವಿವರ ಆರಿಸಿ. ಮೂರು ಒಳ್ಳೆಯ ಸಂಗತಿ ಸಿಕ್ಕಾಗ ಮೂರನ್ನೂ ಸೇರಿಸುವ ಆಸೆ ಬರುತ್ತದೆ. ಮೂರು ನಿಮಿಷದಲ್ಲಿ ಮೂರು ಸಂಗತಿ ಎಂದರೆ ಪ್ರತಿಯೊಂದಕ್ಕೂ ಮೂರು ವಾಕ್ಯ. ಕೇಳುವವರ ಕಣ್ಣಿಗೆ ಒಂದೂ ಕಟ್ಟುವುದಿಲ್ಲ. ಉಳಿದೆರಡನ್ನು ಬರೆದಿಟ್ಟುಕೊಳ್ಳಿ, ಸಭೆ ಮುಗಿದ ಮೇಲೆ ಮನೆಯವರಿಗೆ ಹೇಳಬಹುದು. ನಿಮಗಿಂತ ಮೊದಲು ಮಾತಾಡಿದವರು ನೀವು ಆರಿಸಿದ್ದನ್ನೇ ಹೇಳಿಬಿಟ್ಟರೂ ಅವು ಕೈಗೆ ಬರುತ್ತವೆ.

## ಹಂತ 3: ಐದು ಭಾಗಗಳಲ್ಲಿ ಬರೆಯುವುದು

ಮೂರು ನಿಮಿಷಕ್ಕೆ ಕನ್ನಡದಲ್ಲಿ ಸುಮಾರು 200ರಿಂದ 240 ಪದ ಸಾಕು. ಇಂಥ ಸಭೆಯಲ್ಲಿ ಓದುವ ವೇಗ ನಿಮಿಷಕ್ಕೆ 80 ಪದದ ಆಸುಪಾಸಿಗೆ ಇಳಿಯುತ್ತದೆ. ಮನೆಯಲ್ಲಿ ಓದಿದಾಗ ಎರಡು ನಿಮಿಷ ತೆಗೆದುಕೊಂಡದ್ದು ಅಲ್ಲಿ ಎರಡೂವರೆ ಆಗುತ್ತದೆ.

ಮೊದಲ ಭಾಗದಲ್ಲಿ ನೀವು ಯಾರು, ಅವರಿಗೂ ನಿಮಗೂ ಕೆಲಸದ ಸಂಬಂಧ ಏನು ಎಂಬುದು ಬರಲಿ, ಎರಡು ವಾಕ್ಯದಲ್ಲಿ. ಮನೆಯವರಿಗೆ ನಿಮ್ಮ ಮುಖ ಗೊತ್ತಿರುವುದಿಲ್ಲ. ಎರಡನೆಯದರಲ್ಲಿ ಸಾವಿನ ಸಂಗತಿ ಒಂದೇ ವಾಕ್ಯದಲ್ಲಿ, ವಿಶೇಷಣ ಇಲ್ಲದೆ. ಮೂರನೆಯದು ನೀವು ಆರಿಸಿದ ವಿವರ. ಒಟ್ಟು ಮಾತಿನ ಅರ್ಧಕ್ಕಿಂತ ಹೆಚ್ಚು ಜಾಗ ಇದಕ್ಕೇ ಕೊಡಿ. ನಾಲ್ಕನೆಯದರಲ್ಲಿ ಅದರಿಂದ ನಿಮ್ಮಲ್ಲಿ ಏನು ಉಳಿದಿದೆ ಎಂಬುದು, ಒಂದೆರಡು ವಾಕ್ಯ. ಕೊನೆಯದು ಮನೆಯವರ ಕಡೆಗೆ ತಿರುಗಿ ಹೇಳುವ ಮಾತು.

ಮೂರನೇ ಭಾಗದಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಸಂಗತಿ ಹೇಳುತ್ತ ಹೇಳುತ್ತ ‘ನಾನು’ ಬೆಳೆಯುತ್ತದೆ: ನನಗೆ ಹೇಗನಿಸಿತು, ನಾನೆಷ್ಟು ಕಷ್ಟದಲ್ಲಿದ್ದೆ, ನಾನು ಹೇಗೆ ಕಲಿತೆ. ಬರೆದಾದ ಮೇಲೆ ‘ನಾನು’, ‘ನನಗೆ’, ‘ನನ್ನ’ ಎಂಬ ಪದಗಳಿಗೆ ಗೆರೆ ಎಳೆದು ಎಣಿಸಿ, ‘ಅವರು’, ‘ಅವರ’ ಎಂಬುವನ್ನೂ ಎಣಿಸಿ. ಮೊದಲನೆಯದು ಹೆಚ್ಚಿದ್ದರೆ ಮಾತಿನ ಮಧ್ಯದಲ್ಲಿ ನಿಂತಿರುವುದು ನೀವು.

‘ಅವರು’ ಎಂದೇ ಇರಲಿ, ಕಿರಿಯರಾಗಿದ್ದರೂ ಸರಿ. ಜೀವದ ಗೆಳೆಯನನ್ನು ‘ಅವನು’ ಎನ್ನದೆ ಬೇರೇನೂ ಬಾಯಿಗೆ ಬರದಿದ್ದರೆ ಹಾಗೇ ಹೇಳಿ, ಆದರೆ ಶುರುವಿನಿಂದ ಕೊನೆಯವರೆಗೂ ಅದನ್ನೇ ಉಳಿಸಿ. ಅರ್ಧಕ್ಕೆ ‘ಅವರು’, ಇನ್ನರ್ಧಕ್ಕೆ ‘ಅವನು’ ಎಂದಾಗ ಕೇಳುವವರ ಗಮನ ಅಲ್ಲಿ ಸಿಕ್ಕಿಬೀಳುತ್ತದೆ. ಬರಹದ ಭಾಷೆಗಿಂತ ಸಭೆಯಲ್ಲಿ ಆಡುವ ಭಾಷೆಗೆ ಹತ್ತಿರವಿರಿ: “ಸೇವೆ ಸಲ್ಲಿಸುತ್ತಿದ್ದರು” ಬದಲು “ಕೆಲಸ ಮಾಡುತ್ತಿದ್ದರು”, “ಇಹಲೋಕ ತ್ಯಜಿಸಿದರು” ಬದಲು “ತೀರಿಕೊಂಡರು”.

## ಹಂತ 4: ಸವೆದ ಮಾತು ತೆಗೆಯುವುದು

ಕರಡು ಬರೆದಾದ ಮೇಲೆ ಕೆಂಪು ಪೆನ್ನು ಹಿಡಿದು ಕೂರಿ. ಕೆಳಗಿನ ಮಾತುಗಳು ತಪ್ಪಲ್ಲ, ಸವೆದುಹೋಗಿವೆ. ಪ್ರತಿಯೊಂದರ ಹಿಂದೆಯೂ ಒಂದು ನಿಜವಾದ ಭಾವನೆ ಇದೆ. ಅಳಿಸುವ ಮೊದಲು ಅಲ್ಲಿ ನೀವು ನಿಜಕ್ಕೂ ಏನು ಹೇಳಹೊರಟಿದ್ದಿರಿ ಎಂದು ನೋಡಿ.

“ತುಂಬಲಾರದ ನಷ್ಟ.” ಪ್ರತಿ ಸಭೆಯಲ್ಲೂ ಬರುತ್ತದೆ. ಆ ನಷ್ಟ ಎಲ್ಲಿ ಕಾಣುತ್ತದೆ ಎಂದು ತೋರಿಸಿದರೆ ಈ ಪದವೇ ಬೇಡ. “ಇವತ್ತು ಬೆಳಿಗ್ಗೆ ಲೆಕ್ಕ ತಾಳೆಯಾಗದಾಗ ನಾಲ್ವರು ಅವರ ಮೇಜಿನ ಕಡೆ ತಿರುಗಿದೆವು” ಎಂದರೆ ಅದೇ ಮಾತು ಹೇಳಿದಂತಾಯಿತು. ಆದರೆ “ಇನ್ನು ಅವರ ಕೆಲಸ ಯಾರು ಮಾಡುತ್ತಾರೋ” ಎಂಬ ಕಡೆಗೆ ಜಾರಬೇಡಿ. ಅದು ಮನೆಯವರ ಕಿವಿಗೆ ದುಃಖದಂತೆ ಕೇಳಿಸದೆ ದೂರಿನಂತೆ ಕೇಳುತ್ತದೆ.

“ಅಜಾತಶತ್ರು”, “ಸದಾ ಹಸನ್ಮುಖಿ”. ಹತ್ತು ವರ್ಷ ಒಂದೇ ಕಡೆ ಕೆಲಸ ಮಾಡಿದವರಿಗೆ ಯಾರೊಂದಿಗಾದರೂ ತಕರಾರು ಬಂದೇ ಇರುತ್ತದೆ, ಅದು ಎದುರು ಕೂತವರಿಗೆ ಗೊತ್ತಿರುತ್ತದೆ. ಸುಳ್ಳು ಹೊಗಳಿಕೆ ಕೇಳಿದಾಗ ನಿಮ್ಮ ಮುಂದಿನ ನಿಜವಾದ ಮಾತಿನ ಮೇಲೂ ಅವರ ನಂಬಿಕೆ ಇಳಿಯುತ್ತದೆ. ಮಿತಭಾಷಿ ಮನುಷ್ಯ ಆಗಿದ್ದರೆ ಹಾಗೇ ಹೇಳಿ: “ಹೆಚ್ಚು ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಸರಿಯಾಗಿರುತ್ತಿತ್ತು.”

“ನಂಬಲಿಕ್ಕೇ ಆಗುತ್ತಿಲ್ಲ”, “ಬರಸಿಡಿಲು ಬಡಿದಂತಾಯಿತು”. ಹಠಾತ್ ಸಾವಿನ ಸಭೆಯಲ್ಲಿ ಆಘಾತ ಎಲ್ಲರಿಗೂ ಆಗಿದೆ, ಅದನ್ನು ಹೇಳಿ ತಿಳಿಸಬೇಕಾಗಿಲ್ಲ. “ಮೊನ್ನೆ ಸಂಜೆಯಷ್ಟೇ ಮಾತಾಡಿದ್ದೆ” ಎಂಬುದೂ ಇದೇ ಸಾಲಿನದು. ಮೂವರು ಒಬ್ಬರಾದ ಮೇಲೊಬ್ಬರು ತಾವು ಕೊನೆಯದಾಗಿ ಯಾವಾಗ ಮಾತಾಡಿದೆವು ಎಂದು ಹೇಳತೊಡಗಿದರೆ, ಯಾರು ಹೆಚ್ಚು ಹತ್ತಿರದವರು ಎಂಬ ಪೈಪೋಟಿಯಂತೆ ಆಗುತ್ತದೆ. ಆ ಕೊನೆಯ ಮಾತಿನಲ್ಲಿ ಅವರ ಬಗ್ಗೆ ಏನಾದರೂ ಇದ್ದರೆ ಮಾತ್ರ ಹೇಳಿ.

“ವಿಧಿಯಾಟ”, “ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ”. ಇದನ್ನು ಸಾವಿನ ಕಾರಣ ಕೇಳುತ್ತಿರುವ ಹೆಂಡತಿಗೋ ಗಂಡನಿಗೋ ಹೇಳಿದಾಗ, ‘ಇನ್ನು ಪ್ರಶ್ನೆ ಕೇಳಬೇಡಿ’ ಎಂದು ಹೇಳಿದಂತೆ ಆಗುತ್ತದೆ. ಜೊತೆಗೆ ಅವರ ನಂಬಿಕೆ ಏನೆಂದು ನಿಮಗೆ ಗೊತ್ತಿರುವುದಿಲ್ಲ. ಇದಕ್ಕೆ ಬದಲಿ ವಾಕ್ಯ ಹುಡುಕಬೇಡಿ, ತೆಗೆದುಹಾಕಿ.

“ಆತ್ಮಕ್ಕೆ ಶಾಂತಿ ಸಿಗಲಿ, ದುಃಖ ಭರಿಸುವ ಶಕ್ತಿಯನ್ನು ಕುಟುಂಬಕ್ಕೆ ಕರುಣಿಸಲಿ.” ಪ್ರಾರ್ಥನೆಯಾಗಿ ಇದರಲ್ಲಿ ತಪ್ಪೇನೂ ಇಲ್ಲ, ಮನೆಯವರ ನಂಬಿಕೆಗೆ ಹೊಂದುತ್ತದೆ ಎಂದು ಗೊತ್ತಿದ್ದರೆ ಯಾರಾದರೂ ಒಬ್ಬರು ಹೇಳಲಿ. ಆದರೆ ಐವರೂ ಇದರಲ್ಲೇ ಮುಗಿಸಿದರೆ ಎರಡನೆಯವರಿಂದಾಚೆಗೆ ಅದು ‘ನನ್ನ ಮಾತು ಮುಗಿಯಿತು’ ಎಂಬ ಸೂಚನೆಯಾಗಿ ಉಳಿಯುತ್ತದೆ, ಅಷ್ಟೇ.

ಸವೆದ ಮಾತಿಗಿಂತಲೂ ಹೆಚ್ಚು ನೋವು ಕೊಡುವ ಇನ್ನೊಂದು ಬಗೆ ಇದೆ: ಪಾಠ. “ಎಲ್ಲರೂ ಆರೋಗ್ಯ ನೋಡಿಕೊಳ್ಳಿ”, “ಸ್ವಲ್ಪ ಮೊದಲೇ ಆಸ್ಪತ್ರೆಗೆ ಹೋಗಿದ್ದರೆ”, “ಕೆಲಸದ ಒತ್ತಡವೇ ಬಲಿ ತೆಗೆದುಕೊಂಡಿತು”. ಮೊದಲನೆಯದು ತೀರಿಕೊಂಡವರು ಆರೋಗ್ಯ ನೋಡಿಕೊಳ್ಳಲಿಲ್ಲ ಎಂದು ಸೂಚಿಸುತ್ತದೆ. ಎರಡನೆಯದು ಮನೆಯವರ ಮೇಲೆ ಹೊರೆ ಹಾಕುತ್ತದೆ. ಮೂರನೆಯದು ನಿಜವೇ ಇರಬಹುದು. ಹಾಗಿದ್ದರೆ ಅದನ್ನು ಎತ್ತಲೇಬೇಕು, ಆದರೆ ಬೇರೆ ದಿನ, ಬರವಣಿಗೆಯಲ್ಲಿ, ಉತ್ತರ ಕೊಡಬೇಕಾದವರ ಮುಂದೆ. ಅದೇ ರೀತಿ ಕುಟುಂಬದವರಿಗೆ ಕೆಲಸ, ಪರಿಹಾರ, ಮಕ್ಕಳ ಓದಿನ ಖರ್ಚು ಇವುಗಳ ಭರವಸೆಯನ್ನು ಮೈಕಿನಲ್ಲಿ ಕೊಡಬೇಡಿ. ಆ ನಿರ್ಧಾರ ನಿಮ್ಮ ಕೈಯಲ್ಲಿಲ್ಲ. ನೀವು ಹೇಳಿದ್ದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ.

## ಒಂದು ಉದಾಹರಣೆ: ಕರಡಿನಿಂದ ಕೊನೆಯ ರೂಪಕ್ಕೆ

ಕಾರ್ಖಾನೆಯೊಂದರ ಪಾಳಿ ಕೆಲಸಗಾರರೊಬ್ಬರು ಹಠಾತ್ತಾಗಿ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಮಾತಾಡಬೇಕಾದವರು ಮುಂದಿನ ಪಾಳಿಯವರು. ಮೊದಲ ಕರಡು ಹೀಗಿರುತ್ತದೆ:

> ಸದಾ ಹಸನ್ಮುಖಿಯೂ ಸ್ನೇಹಜೀವಿಯೂ ಆಗಿದ್ದ ನಮ್ಮ ನೆಚ್ಚಿನ ಸಹೋದ್ಯೋಗಿಯ ಅಕಾಲಿಕ ನಿಧನ ನಮಗೆಲ್ಲ ಬರಸಿಡಿಲಿನಂತೆ ಎರಗಿದೆ. ಕೆಲಸವೇ ದೇವರೆಂದು ನಂಬಿದ್ದ ಅವರು ಕಿರಿಯರಿಗೆ ಸದಾ ಮಾರ್ಗದರ್ಶಕರಾಗಿದ್ದರು. ಅವರ ಅಗಲಿಕೆ ಸಂಸ್ಥೆಗೆ ತುಂಬಲಾರದ ನಷ್ಟ.

ಹೆಸರು ಬದಲಿಸುವ ಪರೀಕ್ಷೆಯಲ್ಲಿ ಒಂದು ವಾಕ್ಯವೂ ಉಳಿಯುವುದಿಲ್ಲ. ಆದರೆ ಒಂದು ಸುಳಿವು ಇದೆ: ‘ಕಿರಿಯರಿಗೆ ಮಾರ್ಗದರ್ಶಕ’. ಹೇಗೆ, ಏನು ಮಾಡುತ್ತಿದ್ದರು ಎಂದು ಕೇಳಿದಾಗ ಲಾಗ್ ಪುಸ್ತಕದ ವಿಷಯ ಬರುತ್ತದೆ. ತಿದ್ದಿದ ರೂಪ ಇದು:

> ನಮಸ್ಕಾರ. ನಾನು ಎರಡನೇ ಪಾಳಿಯಲ್ಲಿ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷ, ನಾನು ಒಳಗೆ ಬರುವ ಹೊತ್ತಿಗೆ ಅವರು ಹೊರಗೆ ಹೊರಡುತ್ತಿದ್ದರು.
>
> ಸೋಮವಾರ ರಾತ್ರಿ ಅವರು ತೀರಿಕೊಂಡರು.
>
> ಪಾಳಿ ಮುಗಿಸುವವರು ಲಾಗ್ ಪುಸ್ತಕದಲ್ಲಿ ಮೂರು ಸಾಲು ಬರೆಯಬೇಕು. ಯಾವ ಯಂತ್ರ ಓಡುತ್ತಿದೆ, ಯಾವುದು ನಿಂತಿದೆ, ಏನು ಬಾಕಿ ಇದೆ. ಅವರು ಅದರ ಕೆಳಗೆ ಇನ್ನೊಂದು ಸಾಲು ಬರೆಯುತ್ತಿದ್ದರು. ಮುಂದೆ ಬರುವವರು ಎಲ್ಲಿ ತಪ್ಪಬಹುದು ಅನ್ನುವ ಸಾಲು. ನಾನು ಸೇರಿದ ಎರಡನೇ ತಿಂಗಳು ಒಂದು ವಾಲ್ವ್ ತೆರೆಯಲೇ ಇಲ್ಲ. ದೊಡ್ಡ ಸ್ಪ್ಯಾನರ್ ತಂದೆ. ಆಮೇಲೆ ಪುಸ್ತಕ ನೋಡಿದೆ. “ಎರಡನೇ ಪಂಪಿನ ವಾಲ್ವ್ ಬಿಗಿ ಇದೆ. ಬಲ ಹಾಕಬೇಡಿ. ಸ್ವಲ್ಪ ಹಿಂದಕ್ಕೆ ತಿರುಗಿಸಿ ಆಮೇಲೆ ತೆರೆಯಿರಿ” ಅಂತ ಇತ್ತು. ಮರುದಿನ ಅವರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: “ಅಕ್ಷರ ಓದೋಕೆ ಆಯ್ತಾ?” ಅವತ್ತಿನಿಂದ ಆ ನಾಲ್ಕನೇ ಸಾಲನ್ನು ಇನ್ನೂ ಬಿಡಿಸಿ ಬರೆಯತೊಡಗಿದರು.
>
> ಈಗ ಮೂರೂ ಪಾಳಿಯವರು ನಾಲ್ಕು ಸಾಲು ಬರೆಯುತ್ತೇವೆ. ಹಾಗೆ ಬರೆಯಿರಿ ಅಂತ ಅವರು ಯಾರಿಗೂ ಹೇಳಿರಲಿಲ್ಲ.
>
> ಮನೆಯವರಿಗೆ ಒಂದು ಮಾತು. ಇಲ್ಲಿನ ಕೆಲಸದ ಬಗ್ಗೆ ಅವರು ನಿಮಗೆ ಎಷ್ಟು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳಬೇಕು ಅಂತ ಯಾವತ್ತಾದರೂ ಅನ್ನಿಸಿದರೆ ಹೇಳುವವರು ಇಲ್ಲಿ ತುಂಬ ಜನ ಇದ್ದೇವೆ. ಹನ್ನೊಂದು ವರ್ಷದ ಅವರ ಕೈಬರಹ ಆ ಪುಸ್ತಕಗಳಲ್ಲಿದೆ.

ಇಲ್ಲಿ ‘ಒಳ್ಳೆಯವರು’, ‘ಶ್ರದ್ಧೆ’, ‘ಮಾರ್ಗದರ್ಶಕ’ ಎಂಬ ಒಂದು ಪದವೂ ಇಲ್ಲ. ಅಕ್ಷರ ಓದಲಾಯಿತೇ ಎಂಬ ಪ್ರಶ್ನೆ ಅದನ್ನೆಲ್ಲ ಹೇಳುತ್ತದೆ. ‘ನಾನು’ ಬರುವುದು ಸಂಗತಿಗೆ ಸಾಕ್ಷಿಯಾಗಿ ಮಾತ್ರ. ಸ್ಪ್ಯಾನರ್ ತಂದದ್ದು ಮಾತಾಡುವವರ ಎಡವಟ್ಟು, ಅದರಿಂದ ಸ್ವಲ್ಪ ನಗು ಬಂದರೂ ತೀರಿಕೊಂಡವರ ಗೌರವಕ್ಕೆ ಕುಂದಿಲ್ಲ. ಪುಸ್ತಕಗಳನ್ನು ಕೊಡುತ್ತೇವೆ ಎಂದು ಎಲ್ಲೂ ಹೇಳಿಲ್ಲ ಎಂಬುದನ್ನೂ ಗಮನಿಸಿ. ಅವು ಸಂಸ್ಥೆಯವು. ಕೊಡುವ ಆಸೆ ಇದ್ದರೆ ಮೊದಲು ಅನುಮತಿ ಪಡೆದು, ಆಮೇಲೆ ಮನೆಯವರಿಗೆ ಪ್ರತ್ಯೇಕವಾಗಿ ತಿಳಿಸಬೇಕು.

ಹೆಸರಿನ ವಿಷಯ. ಮುದ್ರಿಸುವಾಗ ಮೊದಲ ಮತ್ತು ಕೊನೆಯ ಭಾಗಗಳಲ್ಲಿ ‘ಅವರು’ ಇರುವ ಕಡೆ ಒಮ್ಮೊಮ್ಮೆ ಹೆಸರು ಹಾಕಿ. ‘ದಿವಂಗತ’ ಎಂದು ಹೆಸರಿನ ಮುಂದೆ ಸೇರಿಸುವ ಅವಸರ ಬೇಡ. ಸಾವು ಎರಡು ದಿನದ ಹಿಂದಿನದು, ಮನೆಯವರು ಆ ಪದವನ್ನು ಇನ್ನೂ ಬಾಯಲ್ಲಿ ಆಡಿರುವುದಿಲ್ಲ.

## ಹಂತ 5: ಕಾಗದ ಸಿದ್ಧಪಡಿಸಿ ಓದಿ ನೋಡುವುದು

ಕಂಠಪಾಠ ಮಾಡಬೇಡಿ. ಇಂಥ ಹೊತ್ತಿನಲ್ಲಿ ನೆನಪು ಕೈಕೊಡುತ್ತದೆ, ಆಗ ಬಾಯಿಗೆ ಬರುವುದು ನೀವು ಅಳಿಸಿದ ವಾಕ್ಯಗಳೇ. ಫೋನಿನಲ್ಲಿಯೂ ಓದಬೇಡಿ. ಪರದೆ ಆರುತ್ತದೆ, ಕರೆ ಬರುತ್ತದೆ, ಬೆರಳು ನಡುಗಿದರೆ ಸಾಲು ಜಾರುತ್ತದೆ.

16 ಅಥವಾ 18 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ದುಪ್ಪಟ್ಟು ಜಾಗ ಬಿಟ್ಟು, ಹಾಳೆಯ ಒಂದೇ ಬದಿಗೆ ಮುದ್ರಿಸಿ. ಹಾಳೆಯ ಮೇಲಿನ ಮೂರನೇ ಎರಡು ಭಾಗವನ್ನಷ್ಟೇ ಬಳಸಿ. ಕೆಳಗಿನ ಸಾಲು ಓದಲು ತಲೆ ಬಗ್ಗಿಸಿದಾಗ ಧ್ವನಿ ಮೈಕಿನಿಂದ ದೂರ ಹೋಗುತ್ತದೆ, ಗಂಟಲೂ ಕಟ್ಟುತ್ತದೆ. ಒಂದು ವಾಕ್ಯವನ್ನು ಎರಡು ಹಾಳೆಗಳಿಗೆ ಹಂಚಬೇಡಿ. ಪುಟಸಂಖ್ಯೆ ಹಾಕಿ, ಪಿನ್ ಹೊಡೆಯಬೇಡಿ. ಅಂಕಿಗಳನ್ನು ಅಕ್ಷರದಲ್ಲಿ ಬರೆದುಕೊಂಡರೆ ನಾಲಿಗೆ ತಡವರಿಸುವುದು ಕಡಿಮೆ.

ಆಮೇಲೆ ಮೂರು ಸಲ ಗಟ್ಟಿಯಾಗಿ ಓದಿ. ಮೊದಲ ಸಲ ಸಮಯ ನೋಡಿ, ಎರಡೂವರೆ ನಿಮಿಷ ದಾಟಿದರೆ ಮೂರನೇ ಭಾಗವನ್ನಲ್ಲ, ಮೊದಲ ಭಾಗವನ್ನು ಕತ್ತರಿಸಿ. ಎರಡನೇ ಸಲ ಗಂಟಲು ಎಲ್ಲಿ ಕಟ್ಟುತ್ತದೆ ಎಂದು ಗಮನಿಸಿ ಅಲ್ಲೊಂದು ಗುರುತು ಹಾಕಿ. ಹೆಚ್ಚಾಗಿ ಅದು ತೀರಿಕೊಂಡವರದೇ ಮಾತು ಬರುವ ಜಾಗ. ಗುರುತಿನ ಹಿಂದಿನ ವಾಕ್ಯವನ್ನು ಎರಡಾಗಿ ಒಡೆಯಿರಿ. ಉದ್ದ ವಾಕ್ಯದ ಮಧ್ಯೆ ಉಸಿರು ಕಟ್ಟಿದರೆ ಸರಿಪಡಿಸಿಕೊಳ್ಳುವುದು ಕಷ್ಟ, ಚಿಕ್ಕ ವಾಕ್ಯ ಮುಗಿದ ಮೇಲೆ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರನೇ ಸಲ ಇನ್ನೊಬ್ಬರ ಮುಂದೆ ಓದಿ, ನಿಮ್ಮ ಬದಲು ಓದಲು ಒಪ್ಪಿದವರ ಮುಂದೆಯೇ ಆದರೆ ಒಳ್ಳೆಯದು. ಒಂದು ಪ್ರತಿ ಅವರ ಕೈಯಲ್ಲೂ ಇರಲಿ.

## ಹಂತ 6: ಸಭೆಯಲ್ಲಿ

ಎದ್ದು ಹೋಗಿ, ಹಾಳೆ ಇಟ್ಟು, ಒಮ್ಮೆ ಉಸಿರು ಹೊರಬಿಟ್ಟು ಶುರು ಮಾಡಿ. “ವೇದಿಕೆಯ ಮೇಲಿರುವ ಗಣ್ಯರೇ” ಎಂಬ ಪಟ್ಟಿ ಇಲ್ಲಿ ಬೇಡ. ಮೈಕಿನಿಂದ ಒಂದು ಗೇಣು ದೂರ ಸಾಕು. ಸಂಗತಿ ಹೇಳುವಾಗ ಸಹೋದ್ಯೋಗಿಗಳ ಕಡೆ ನೋಡಿ, ಮನೆಯವರ ಕಡೆ ನೋಡುವುದು ಕೊನೆಯ ಭಾಗದಲ್ಲಿ ಮಾತ್ರ. ಮೊದಲಿನಿಂದಲೂ ಅವರ ಮುಖವನ್ನೇ ನೋಡಿದರೆ ನಿಮ್ಮ ಧ್ವನಿಯೂ ನಿಲ್ಲುವುದಿಲ್ಲ, ಅವರಿಗೂ ಮುಖ ಮುಚ್ಚಿಕೊಳ್ಳಲು ಬಿಡುವಿರುವುದಿಲ್ಲ.

ಧ್ವನಿ ಒಡೆದರೆ ಕ್ಷಮೆ ಕೇಳಬೇಡಿ. ನಿಲ್ಲಿ, ಉಸಿರನ್ನು ಪೂರ್ತಿ ಹೊರಬಿಡಿ, ನೀರು ಗುಟುಕರಿಸಿ, ಕಾಗದ ನೋಡಿ, ನಿಂತ ವಾಕ್ಯವನ್ನು ಮೊದಲಿನಿಂದ ಓದಿ. ಹತ್ತು ಸೆಕೆಂಡಿನ ಮೌನ ನಿಮಗೆ ಉದ್ದ ಅನಿಸುತ್ತದೆ, ಕೇಳುವವರಿಗೆ ಅಲ್ಲ. ಎರಡನೇ ಸಲವೂ ಆಗಲಿಲ್ಲವೆಂದರೆ ಸಿದ್ಧವಿರುವವರಿಗೆ ತಲೆಯಾಡಿಸಿ. ಅವರು ಬಂದು ನಿಂತ ಜಾಗದಿಂದ ಮುಂದುವರಿಸಲಿ, ನೀವು ಪಕ್ಕದಲ್ಲೇ ನಿಂತಿರಿ.

ಮುಗಿಸುವಾಗ “ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ, ಧನ್ಯವಾದ” ಎಂಬ ಬಾಲ ಬೇಡ. ಅಭ್ಯಾಸಬಲದಿಂದ ಯಾರಾದರೂ ಚಪ್ಪಾಳೆ ತಟ್ಟುವುದು ‘ಧನ್ಯವಾದ’ ಕೇಳಿದಾಗಲೇ. ಕೊನೆಯ ವಾಕ್ಯ ಓದಿ, ಮನೆಯವರ ಕಡೆಗೆ ಸ್ವಲ್ಪ ತಲೆಬಾಗಿ, ಹಾಳೆ ತೆಗೆದುಕೊಂಡು ಬನ್ನಿ. ಮೌನಾಚರಣೆ ನಿಮ್ಮ ಮಾತಿನ ನಂತರವೇ ಇದ್ದರೆ ಅದನ್ನು ಘೋಷಿಸುವವರು ಯಾರು, ಗಡಿಯಾರ ನೋಡುವವರು ಯಾರು ಎಂದು ಮೊದಲೇ ಕೇಳಿಕೊಂಡಿರಿ. ಅದು ಗೊತ್ತಿಲ್ಲದೆ ಎಲ್ಲರೂ ಎದ್ದು ನಿಂತು ಒಬ್ಬರ ಮುಖ ಒಬ್ಬರು ನೋಡುವ ಸ್ಥಿತಿ ಎಷ್ಟೋ ಸಭೆಗಳಲ್ಲಿ ಬರುತ್ತದೆ.

## ತಯಾರಿಗೆ ಸಮಯವೇ ಸಿಗದಿದ್ದರೆ

ಸಭೆಯ ಮಧ್ಯದಲ್ಲಿ ಹಠಾತ್ತಾಗಿ ನಿಮ್ಮ ಹೆಸರು ಕರೆದರೆ ಐದು ಭಾಗ ಕಟ್ಟಲು ಹೋಗಬೇಡಿ. ಎದ್ದು ನಡೆಯುವಷ್ಟರಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಯಾವ ಕೆಲಸಕ್ಕೆ ನಾನು ಅವರನ್ನು ಹುಡುಕಿಕೊಂಡು ಹೋಗುತ್ತಿದ್ದೆ? ನೀವು ಯಾರು ಎಂದು ಒಂದು ವಾಕ್ಯ, ಆ ಪ್ರಶ್ನೆಗೆ ಉತ್ತರವಾಗಿ ಎರಡು ವಾಕ್ಯ, ಮನೆಯವರಿಗೆ ಒಂದು ವಾಕ್ಯ. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಏನೂ ಹೊಳೆಯದಿದ್ದರೆ “ಇವತ್ತು ನನ್ನಿಂದ ಮಾತಾಡಲು ಆಗುವುದಿಲ್ಲ” ಎಂದು ಹೇಳಿ ಕೂತರೂ ಯಾರೂ ತಪ್ಪು ತಿಳಿಯುವುದಿಲ್ಲ.

ಬರೆದು ಓದಿದವರು ಸಭೆಯ ನಂತರ ಹಾಳೆಯ ಒಂದು ಶುದ್ಧ ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ಮನೆಯವರಲ್ಲಿ ಒಬ್ಬರ ಕೈಗೆ ಕೊಡಿ. ಆ ಹೊತ್ತಿನಲ್ಲಿ ಕೇಳಿದ ಮಾತಿನಲ್ಲಿ ಅರ್ಧದಷ್ಟೂ ಅವರ ತಲೆಗೆ ಹೋಗಿರುವುದಿಲ್ಲ. ಆಯ್ಕೆಯಾಗದೆ ಉಳಿದ ಎರಡು ಸಂಗತಿಗಳನ್ನೂ ಅದರ ಹಿಂದೆ ಕೈಯಲ್ಲಿ ಬರೆದು ಸೇರಿಸಬಹುದು. ಅದನ್ನೇ ಚಿತ್ರ ತೆಗೆದು ಕಚೇರಿಯ ಗುಂಪಿಗೆ ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ.